ಎಂಟು ಸಾಲಿನಲ್ಲಿ ಕನ್ನಡನಾಡಿನ ಅರಸುಮನೆತನಗಳು



ಇತಿಹಾಸದ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಹೆಚ್ಚಾಗಿ ಕಾಡುವುದು ಅರಸುಮನೆತನಗಳ ಅನುಕ್ರಮ. ಒಂದೊಂದು ಮನೆತನದ ವಿಷಯವನ್ನು ಬೇರೆ ಬೇರೆಯಾಗಿ ಚೆನ್ನಾಗಿ ಬರೆಯಬಲ್ಲ ಮಗುವೂ ಯಾರ ನಂತರ ಯಾರು ಎಂದು ಕೇಳಿದೊಡನೆ ತಡವರಿಸುತ್ತದೆ. ಕೇವಲ ಹೆಸರುಗಳ ಪಟ್ಟಿ ನೆನಪಿನಲ್ಲಿ ನಿಲ್ಲುವುದು ಕಷ್ಟ. ಲಯಕ್ಕೆ ಅಳವಟ್ಟ ಹೆಸರು ನಿಲ್ಲುತ್ತದೆ. ಆದಕಾರಣ ಈ ತಿಂಗಳು ಮನೆಯಲ್ಲಿ ಕಂಠಪಾಠ ಮಾಡಿಸಲು ತಕ್ಕ ಎಂಟು ಸಾಲುಗಳನ್ನು ನಾವೇ ಹೆಣೆದು ಕೊಡುತ್ತಿದ್ದೇವೆ. ಪ್ರತಿ ಸಾಲಿನಲ್ಲಿ ಹದಿನಾರು ಮಾತ್ರೆಗಳಿವೆ. ಕೈತಾಳ ಹಾಕಿ ಹೇಳಿಸಿದರೆ ಹೆಸರು ತಪ್ಪಿದಲ್ಲಿ ತಾಳವೂ ತಪ್ಪುತ್ತದೆ; ಅದರಿಂದಲೇ ಮಗುವಿಗೆ ತನ್ನ ತಪ್ಪು ತಿಳಿಯುತ್ತದೆ.

ಶಾತವಾಹನರು ಕದಂಬ ಗಂಗರು
ಬಾದಾಮಿಯ ಚಾಲುಕ್ಯರು ಬಂದರು
ರಾಷ್ಟ್ರಕೂಟರೂ ಕಲ್ಯಾಣದವರು
ನಡುವಲಿ ನುಗ್ಗಿದ ಕಳಚುರಿಯರಸರು
ಬಡಗಲಿ ಸೇವುಣ, ತೆಂಕಲಿ ಹೊಯ್ಸಳ
ಬಡಗಲಿ ಬಹಮನಿ, ತೆಂಕಲಿ ಹಂಪೆಯು
ಆದಿಲಶಾಹಿಯು, ಕೆಳದಿಯು, ಒಡೆಯರು
ಕಡೆಯಲಿ ಆಂಗ್ಲರು – ನಾಡಿನ ಕಥೆಯಿದು

ಆರನೆಯ ಸಾಲಿನ ಹಂಪೆ ಎಂದರೆ ವಿಜಯನಗರ. ಮೂರನೆಯ ಸಾಲಿನ ‘ಕಲ್ಯಾಣದವರು’ ಎಂದರೆ ಕಲ್ಯಾಣದ ಚಾಲುಕ್ಯರು. ಚಾಲುಕ್ಯರೆಂಬ ಹೆಸರು ಎರಡು ಕಾಲಗಳಲ್ಲಿ ಬರುವುದರಿಂದ ಮಕ್ಕಳು ಇಬ್ಬರನ್ನೂ ಒಂದುಗೂಡಿಸಿ ಇಮ್ಮಡಿ ಪುಲಕೇಶಿಯನ್ನು ಕಲ್ಯಾಣಕ್ಕೂ, ಆರನೆಯ ವಿಕ್ರಮಾದಿತ್ಯನನ್ನು ಬಾದಾಮಿಗೂ ಕಳುಹಿಸಿಬಿಡುತ್ತಾರೆ. ಇಬ್ಬರ ನಡುವೆ ರಾಷ್ಟ್ರಕೂಟರು ನಿಂತಿದ್ದಾರೆಂಬುದನ್ನು ಪದ್ಯ ನೆನಪಿಸುತ್ತದೆ. 753ರ ಸುಮಾರಿಗೆ ದಂತಿದುರ್ಗನು ಬಾದಾಮಿಯ ಅರಸರನ್ನು ಸೋಲಿಸಿದನು. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟರನ್ನು ತೆಗೆದು ಚಾಲುಕ್ಯರ ಹೆಸರನ್ನು ಮತ್ತೆ ನಿಲ್ಲಿಸಿದನು. ನಡುವಿನ ಅಂತರ 220 ವರ್ಷ. ಈ ಎರಡು ಇಸವಿಗಳನ್ನು ಪದ್ಯದ ಮೂರನೆಯ ಸಾಲಿಗೆ ಗಂಟು ಹಾಕಿಕೊಂಡರೆ ಸಾಕು, ಮುಂದಿನ ಹಿಂದಿನ ಮನೆತನಗಳು ತಾವಾಗಿ ತಮ್ಮ ಸ್ಥಾನಕ್ಕೆ ಬರುತ್ತವೆ.

ಕಂಠಪಾಠವಾದ ಮೇಲೆ ಮಗುವಿಗೆ ಒಂದು ಪ್ರಶ್ನೆ ಹಾಕಬೇಕು: ಹೊಸ ಅರಸನು ಎಲ್ಲಿಂದ ಬಂದನು? ಪದ್ಯದ ನಡುಭಾಗದಲ್ಲಿ ಇದಕ್ಕೆ ಬಹುಪಾಲು ಒಂದೇ ಉತ್ತರ. ಆತನು ಹೊರಗಿನಿಂದ ಬರಲಿಲ್ಲ. ಹಿಂದಿನವರ ಸಾಮಂತನಾಗಿ ಮನೆಯೊಳಗೇ ಇದ್ದನು. ದಂತಿದುರ್ಗನ ಮನೆತನ ಬಾದಾಮಿಯವರಿಗೆ ಅಧೀನವಾಗಿತ್ತು. ತೈಲಪನು ರಾಷ್ಟ್ರಕೂಟರ ಸಾಮಂತ. ಕಳಚುರಿ ಬಿಜ್ಜಳ, ಸೇವುಣರು, ಹೊಯ್ಸಳರು ಮೂವರೂ ಕಲ್ಯಾಣದವರ ಸಾಮಂತರು. ಮುಂದೆ ಬಹಮನಿಗಳ ಅಧಿಕಾರಿಯಾಗಿದ್ದ ಯೂಸುಫ್ ಆದಿಲ್ ಖಾನನು ಆದಿಲಶಾಹಿಯನ್ನು ಸ್ಥಾಪಿಸಿದನು. ಕೆಳದಿಯ ನಾಯಕರೂ ಮೈಸೂರಿನ ಒಡೆಯರೂ ವಿಜಯನಗರಕ್ಕೆ ನಡೆದುಕೊಂಡಿದ್ದವರು. ದೊಡ್ಡ ಮನೆ ಸಡಿಲವಾದಾಗ ಆಳಾಗಿದ್ದವನು ಅರಸನಾದನು. ಈ ಸೂತ್ರ ತಿಳಿದ ಮಗು ಒಂದು ಸಾಲನ್ನು ಮರೆತರೂ ಯೋಚಿಸಿ ಮತ್ತೆ ಹಿಡಿಯಬಲ್ಲುದು.

ಈ ಸೂತ್ರವನ್ನು ಪರೀಕ್ಷಿಸಲು ನಮ್ಮ ಸೀಮೆಗಿಂತ ಒಳ್ಳೆಯ ನೆಲವಿಲ್ಲ. ಇಂಡಿ ತಾಲೂಕಿನ ಅಗರಖೇಡವನ್ನೇ ತೆಗೆದುಕೊಳ್ಳೋಣ. ಅದೇ ತಾಲೂಕಿನ ತದ್ದೇವಾಡಿಯನ್ನು ಶಾಸನಗಳ ತರ್ದವಾಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದರ ಹೆಸರಿನಲ್ಲಿಯೇ ತರ್ದವಾಡಿ ಸಾಸಿರವೆಂಬ ನಾಡು ನಡೆಯುತ್ತಿತ್ತು. ಬಾಗೇವಾಡಿ ಸೀಮೆಯ ನರಸಲಗಿಯ 965ರ ಶಾಸನದ ಪ್ರಕಾರ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೆಳಗೆ ಈ ನಾಡನ್ನು ನೋಡಿಕೊಳ್ಳುತ್ತಿದ್ದವನು ತೈಲಪನೇ. ಎಂಟು ವರ್ಷಗಳ ನಂತರ ಆತನು ಸಾಮ್ರಾಟನಾದನು. ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ಕಲ್ಯಾಣದ ಚಾಲುಕ್ಯರ ಪರವಾಗಿ ಇದೇ ತರ್ದವಾಡಿಯನ್ನು ಆಳಿದವರು ಕಳಚುರಿಗಳು, ಅಂದರೆ ಬಿಜ್ಜಳನ ತಂದೆ ಪೆರ್ಮಾಡಿ, ಬಳಿಕ ಬಿಜ್ಜಳ. ಮೂರನೆಯ ಮತ್ತು ನಾಲ್ಕನೆಯ ಸಾಲುಗಳ ಎರಡು ತಿರುವುಗಳೂ ಹೀಗೆ ನಮ್ಮ ಭೀಮಾ ಸೀಮೆಯಲ್ಲಿ ಸಾಮಂತರಾಗಿದ್ದವರ ಕೈಯಿಂದಲೇ ಆದುವು.

ನಾಲ್ಕನೆಯ ಸಾಲಿನ ‘ನಡುವಲಿ’ ಎಂಬ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ಕಳಚುರಿಗಳು ಚಾಲುಕ್ಯರ ನಂತರ ಬಂದವರಲ್ಲ, ಚಾಲುಕ್ಯರ ಆಳಿಕೆಯ ನಡುವೆ ಬಂದವರು. 1157ರ ಹೊತ್ತಿಗೆ ಬಿಜ್ಜಳನು ಸ್ವತಂತ್ರನಂತೆ ನಡೆಯತೊಡಗಿ, ಬಳಿಕ ಕಲ್ಯಾಣದ ಸಿಂಹಾಸನವನ್ನೇರಿದನು. ಬಸವಣ್ಣನವರು ಭಂಡಾರಿಯಾಗಿದ್ದುದು ಈತನ ಆಳಿಕೆಯಲ್ಲಿ. 1167ರ ಸುಮಾರಿಗೆ ಬಿಜ್ಜಳನ ಆಳಿಕೆ ಮುಗಿಯಿತು. ಆತನ ಮಕ್ಕಳು 1184ರ ಆಸುಪಾಸಿನವರೆಗೆ ಮುಂದುವರಿಸಿದರು. ಆಗ ಚಾಲುಕ್ಯ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದನಾದರೂ ಕೆಲವೇ ವರ್ಷಗಳಲ್ಲಿ ಬಡಗಣಿಂದ ಸೇವುಣರು, ತೆಂಕಣಿಂದ ಹೊಯ್ಸಳರು ನಾಡನ್ನು ಹಂಚಿಕೊಂಡರು. ಶರಣರ ಕಾಲವನ್ನು ಓದುವ ನಮ್ಮ ಮನೆಗಳ ಮಕ್ಕಳು ಬಸವಣ್ಣನವರನ್ನು ಚಾಲುಕ್ಯ ಚಕ್ರವರ್ತಿಯ ಮಂತ್ರಿಯೆಂದು ಬರೆಯುವುದುಂಟು. ಈ ಒಂದು ಪದ ಆ ತಪ್ಪನ್ನು ತಡೆಯುತ್ತದೆ.

ಐದನೆಯ ಸಾಲಿನಿಂದ ಪದ್ಯ ಎರಡು ಕವಲಾಗುತ್ತದೆ. ಇಲ್ಲಿಂದ ಮುಂದೆ ಒಬ್ಬರ ನಂತರ ಒಬ್ಬರು ಎಂದು ಓದಬಾರದು, ಅಕ್ಕಪಕ್ಕ ಎಂದು ಓದಬೇಕು. ಸೇವುಣರೂ ಹೊಯ್ಸಳರೂ ಸಮಕಾಲೀನರು. 1336ರ ವಿಜಯನಗರವೂ 1347ರ ಬಹಮನಿಯೂ ಸಮಕಾಲೀನರು. ಅಗರಖೇಡದ ಮಗುವಿಗೆ “ನಿನ್ನ ಊರನ್ನು ಯಾರು ಆಳಿದರು” ಎಂದು ಕೇಳಿದರೆ ‘ಬಡಗಲಿ’ ಎಂಬ ಮಾತಿನ ಹಿಂದೆಯೇ ಹೋಗಬೇಕು: ಸೇವುಣರು, ಬಹಮನಿಗಳು, ಬಳಿಕ ವಿಜಯಪುರದ ಆದಿಲಶಾಹಿಗಳು. ಪಠ್ಯಪುಸ್ತಕದಲ್ಲಿ ವಿಜಯನಗರದ ಪಾಠ ದೊಡ್ಡದಾಗಿರುವುದರಿಂದ ಮಕ್ಕಳು ಕೃಷ್ಣದೇವರಾಯನೇ ಭೀಮಾತೀರವನ್ನು ಆಳಿದನೆಂದು ತಿಳಿಯುತ್ತಾರೆ. ಶಿವಮೊಗ್ಗದ ಕಡೆಯ ಮಗುವಾದರೋ ‘ತೆಂಕಲಿ’ ಎಂಬುದನ್ನು ಹಿಡಿದು ಹೊಯ್ಸಳ, ವಿಜಯನಗರ, ಕೆಳದಿ ಎಂದು ಹೇಳಬೇಕಾಗುತ್ತದೆ.

ಮೊದಲ ಸಾಲಿನಲ್ಲಿಯೂ ಇಂಥದೇ ಎಚ್ಚರ ಬೇಕು. ಕದಂಬರು, ಗಂಗರು ಇಬ್ಬರೂ ನಾಲ್ಕನೆಯ ಶತಮಾನದಲ್ಲಿ ತಲೆಯೆತ್ತಿದವರು; ಕದಂಬರು ಬನವಾಸಿಯಲ್ಲಿ, ಗಂಗರು ತೆಂಕಣದಲ್ಲಿ. ಬಾದಾಮಿಯವರು ಬಂದೊಡನೆ ಗಂಗರು ಮುಗಿದುಹೋಗಲಿಲ್ಲ. ಹತ್ತನೆಯ ಶತಮಾನದ ಕೊನೆಯವರೆಗೂ ಬಾಳಿದರು. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಗಂಗರ ಮಂತ್ರಿ ಎಂಬುದನ್ನು ನೆನೆದರೆ ಇದು ಮರೆಯದು.

ಪದ್ಯ ಬಿಟ್ಟಿರುವುದನ್ನೂ ಹೇಳಿಬಿಡುತ್ತೇವೆ. ಮೌರ್ಯರ ಹೆಸರು ಇಲ್ಲಿಲ್ಲ. ಹೈದರ್, ಟಿಪ್ಪು ಅವರ ಕಾಲವನ್ನು ಒಡೆಯರ ಹೆಸರಿನೊಳಗೆ ಸೇರಿಸಿ ತಿಳಿಯಬೇಕು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದಂದಿನಿಂದ 1818ರಲ್ಲಿ ಪೇಶ್ವೆಗಳ ಆಳಿಕೆ ಕೊನೆಗೊಳ್ಳುವವರೆಗಿನ ಮೊಗಲ, ಮರಾಠರ ಕಾಲವೂ ಏಳು ಮತ್ತು ಎಂಟನೆಯ ಸಾಲುಗಳ ನಡುವಿನ ಬಿಡುವಿನಲ್ಲಿದೆ.

ತಾಯಂದಿರೂ ತಂದೆಯವರೂ ಮೊದಲೆರಡು ದಿನ ಪದ್ಯವನ್ನು ಮೇಲಿನಿಂದ ಕೆಳಕ್ಕೆ ಹೇಳಿಸಲಿ. ಮೂರನೆಯ ದಿನ ಯಾವುದಾದರೊಂದು ಹೆಸರನ್ನು ತಾವೇ ಹೇಳಿ, ಅದರ ಹಿಂದಿನವರು ಯಾರು, ಅಕ್ಕಪಕ್ಕದವರು ಯಾರು, ಯಾರಿಗೆ ಯಾರು ಸಾಮಂತರಾಗಿದ್ದರು ಎಂದು ಕೇಳಲಿ. ನಡುವಿನಿಂದ ಹಿಡಿದು ಎರಡೂ ಕಡೆಗೆ ಹೋಗಬಲ್ಲ ಮಗುವಿಗೆ ಅನುಕ್ರಮ ಬಂದಿದೆಯೆಂದು ತಿಳಿಯಬಹುದು. ಮೊದಲಿನಿಂದ ಆರಂಭಿಸಿದರೆ ಮಾತ್ರ ಹೇಳಬಲ್ಲ ಮಗುವಿಗೆ ಬಂದಿರುವುದು ಇನ್ನೂ ಪದ್ಯವಷ್ಟೆ.