ಅಸಲಿ ಕೀಲಿ ಹಿಡಿದು ಬರುವ ಕಳ್ಳ

2023ರ ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಐದು ತಿಂಗಳು, ಅಮೆರಿಕದ 23ಅಂಡ್‌ಮಿ ಕಂಪನಿಯ ಗ್ರಾಹಕರ ಖಾತೆಗಳಿಗೆ ಯಾರೋ ನುಗ್ಗುತ್ತಲೇ ಇದ್ದರು. ಎಂಜಲಿನ ಮಾದರಿಯಿಂದ ಡಿಎನ್‌ಎ ಪರೀಕ್ಷಿಸಿ ನಮ್ಮ ವಂಶದ ಬೇರು ಎಲ್ಲಿಯದು ಎಂದು ಹೇಳುವ ಕಂಪನಿ ಅದು. ಅದರ ಸರ್ವರ್ ಅನ್ನು ಯಾರೂ ಒಡೆದಿರಲಿಲ್ಲ. ಬೇರೆ ತಾಣಗಳಿಂದ ಹಿಂದೆಂದೋ ಸೋರಿದ್ದ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ತಂದು ಇಲ್ಲಿ ಹಾಕಿ ನೋಡಿದ್ದರು. ಹಳೆಯ ಪಾಸ್‌ವರ್ಡನ್ನೇ ಇಲ್ಲಿಯೂ ಬಳಸಿದ್ದ ಸುಮಾರು 14,000 ಜನರ ಖಾತೆ ತೆರೆದುಕೊಂಡಿತು. ಅಲ್ಲಿಂದ, ಸಂಬಂಧಿಕರನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ, ಸುಮಾರು 69 ಲಕ್ಷ ಜನರ ವಿವರ ಕೈ ಸೇರಿತು.

ಇದಕ್ಕೆ ಕ್ರೆಡೆನ್ಷಿಯಲ್ ಸ್ಟಫಿಂಗ್ ಎನ್ನುತ್ತಾರೆ. ತಪ್ಪು ಗ್ರಾಹಕರದ್ದೇ, ಪಾಸ್‌ವರ್ಡ್ ಬದಲಿಸಲಿಲ್ಲ ಎಂದು ಕಂಪನಿಯ ವಕೀಲರು ಬರೆದರು. ನಾನು ಇದನ್ನು ಒಪ್ಪಲಾರೆ. ಸೋರಿದ ಪಾಸ್‌ವರ್ಡ್ ಯಾವುದು ಎಂದು ಗ್ರಾಹಕನಿಗಿಂತ ಕಂಪನಿಗೆ ತಿಳಿಯುವುದು ಸುಲಭ. ಪಾಸ್‌ವರ್ಡ್ ಸೋರಿದೆಯೇ ಎಂದು ಕೇಳಿ ನೋಡುವ ದಾರಿ 2018ರಿಂದಲೂ ಉಚಿತವಾಗಿ ಇದೆ.

ಅನೇಕ ಲಾಗಿನ್ ಪುಟಗಳು ನೆಚ್ಚಿಕೊಂಡಿರುವುದು ಖಾತೆಗೆ ಬೀಗ ಹಾಕುವ ಉಪಾಯವನ್ನು. ಐದು ಸಲ ತಪ್ಪಿದರೆ ಖಾತೆ ಬಂದ್. ಒಬ್ಬನ ಖಾತೆಗೆ ನೂರು ಪಾಸ್‌ವರ್ಡ್ ಊಹಿಸಿ ಹೊಡೆಯುವವನನ್ನು ಇದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಸ್ಟಫಿಂಗ್ ಮಾಡುವವನು ಊಹಿಸುವುದೇ ಇಲ್ಲ. ಅವನ ಬಳಿ ಹತ್ತು ಲಕ್ಷ ಜೋಡಿಗಳಿವೆ ಎಂದುಕೊಳ್ಳಿ. ಪ್ರತಿ ಖಾತೆಗೆ ಒಂದೇ ಪ್ರಯತ್ನ. ಯಾವ ಖಾತೆಯಲ್ಲೂ ಎಣಿಕೆ ಒಂದನ್ನು ದಾಟುವುದಿಲ್ಲ, ಹತ್ತು ಲಕ್ಷ ಪ್ರಯತ್ನ ಮುಗಿದರೂ ಒಂದೂ ಬೀಗ ಬೀಳುವುದಿಲ್ಲ. ಇನ್ನೊಂದೆಡೆ, ನಿಮ್ಮ ಯೂಸರ್ ಐಡಿ ಗೊತ್ತಿರುವ ಯಾರಾದರೂ ಬೇಕೆಂದೇ ಐದು ಸಲ ತಪ್ಪು ಒತ್ತಿ ನಿಮ್ಮನ್ನು ನಿಮ್ಮ ಖಾತೆಯಿಂದಲೇ ಹೊರಗಿಡಬಹುದು.

ಪ್ರಯತ್ನಗಳ ವೇಗಕ್ಕೆ ಮಿತಿ ಹಾಕುವ ರೇಟ್ ಲಿಮಿಟಿಂಗ್ ಸಾಮಾನ್ಯವಾಗಿ ಐಪಿ ವಿಳಾಸವನ್ನು ಎಣಿಸುತ್ತದೆ. ಅದೇ ಹತ್ತು ಲಕ್ಷವನ್ನು 20,000 ವಿಳಾಸಗಳಿಗೆ ಹಂಚಿ, ಐದು ದಿನಕ್ಕೆ ಹರಡಿ. ಒಂದು ವಿಳಾಸದಿಂದ ದಿನಕ್ಕೆ ಬರುವುದು ಹತ್ತೇ ಪ್ರಯತ್ನ. ಜನರ ಮನೆಯ ಇಂಟರ್ನೆಟ್ ಸಂಪರ್ಕಗಳ ಮೂಲಕ ಹಾಯುವ ಪ್ರಾಕ್ಸಿಗಳು ಬಾಡಿಗೆಗೆ ಸಿಗುತ್ತವೆ, ಹಾಗಾಗಿ ಇದು ದೊಡ್ಡ ಕೆಲಸವಲ್ಲ. ಮಿತಿಯನ್ನು ದಿನಕ್ಕೆ ಐದಕ್ಕೆ ಇಳಿಸೋಣ ಎಂದರೆ ಪೆಟ್ಟು ಬೀಳುವುದು ನಮ್ಮಂಥವರಿಗೆ. ಇಲ್ಲಿನ ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸದ ಹಿಂದೆ ಎಷ್ಟೋ ಗ್ರಾಹಕರು ಇರುತ್ತಾರೆ. ಬೆಳಿಗ್ಗೆ ಅವರೆಲ್ಲ ಲಾಗಿನ್ ಆದರೆ ಆ ವಿಳಾಸವೇ ದಾಳಿಕೋರನಂತೆ ಕಾಣುತ್ತದೆ.

ದಾಳಿಯ ಗುರುತು ಸಿಗುವುದು ಇಡೀ ಲಾಗಿನ್ ಪುಟದ ಲೆಕ್ಕದಲ್ಲಿ. ವಿಫಲ ಲಾಗಿನ್‌ಗಳ ಪಾಲು ದಿಢೀರನೆ ಏರುತ್ತದೆ, ನೋಂದಣಿಯೇ ಆಗಿರದ ಇಮೇಲ್‌ಗಳಿಗೆ ಪ್ರಯತ್ನಗಳು ಬರತೊಡಗುತ್ತವೆ. ತನ್ನ ಖಾತೆ ಎಲ್ಲಿದೆ ಎಂದು ಗೊತ್ತಿರುವ ಗ್ರಾಹಕ ಹೀಗೆ ಮಾಡುವುದು ಅಪರೂಪ.

ಮೂರನೆಯ ಉಪಾಯ ಪ್ರಯತ್ನಗಳನ್ನು ಎಣಿಸುವುದಿಲ್ಲ, ಕೀಲಿಯನ್ನೇ ನೋಡುತ್ತದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ ಸೋರಿದ ಪಾಸ್‌ವರ್ಡ್‌ಗಳ ಭಂಡಾರವೊಂದನ್ನು ನಡೆಸುತ್ತಾರೆ. ಪಾಸ್‌ವರ್ಡ್ ಅನ್ನು ಅವರಿಗೆ ತೋರಿಸದೆಯೇ ಕೇಳಬಹುದು. ಮೊದಲು ಅದನ್ನು SHA-1 ಎಂಬ ಸೂತ್ರದಿಂದ 40 ಅಕ್ಷರಗಳ ಗುರುತಾಗಿ ಬದಲಿಸುತ್ತಾರೆ. `password` ಎಂಬುದರ ಗುರುತು 5BAA6 ಎಂದು ಶುರುವಾಗುತ್ತದೆ. ಆ ಐದು ಅಕ್ಷರಗಳನ್ನಷ್ಟೇ ಕಳಿಸಿದರೆ ಸಾಕು:

```
https://api.pwnedpasswords.com/range/5BAA6
```

ಹಾಗೆ ಶುರುವಾಗುವ ಎಲ್ಲ ಗುರುತುಗಳ ಉಳಿದ ಭಾಗ, ಪ್ರತಿಯೊಂದೂ ಎಷ್ಟು ಸಲ ಸೋರಿದೆ ಎಂಬ ಸಂಖ್ಯೆಯೊಂದಿಗೆ ಮರಳಿ ಬರುತ್ತದೆ. ಹೊಂದಿಸಿ ನೋಡುವುದು ನಮ್ಮ ಸರ್ವರ್‌ನಲ್ಲೇ. ಕೇಳಿದ್ದು ಯಾವುದರ ಬಗ್ಗೆ ಎಂದು ಅವರಿಗೆ ತಿಳಿಯುವುದಿಲ್ಲ.

ಇದಕ್ಕೂ ಕುರುಡು ಜಾಗವಿದೆ. ಭಂಡಾರಕ್ಕೆ ಇನ್ನೂ ಬಂದಿರದ ಹೊಸ ಸೋರಿಕೆ ಇದಕ್ಕೆ ಕಾಣದು, ಆ ಅಂತರಕ್ಕೆ ಎರಡನೇ ಹಂತದ ಪರಿಶೀಲನೆ ಬೇಕು. 23ಅಂಡ್‌ಮಿ ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದು ದಾಳಿ ಬಯಲಾದ ಮೇಲೆ, 2023ರ ನವೆಂಬರ್‌ನಲ್ಲಿ. ವೇಗದ ಮಿತಿಯನ್ನೂ ತೆಗೆಯಬೇಕಿಲ್ಲ. ಅದು ದಾಳಿಯ ಖರ್ಚು ಏರಿಸುತ್ತದೆ. ಆದರೆ ಒಂದನ್ನೇ ಮೊದಲು ಮಾಡಿ ಎಂದರೆ ನಾನು ಸೋರಿದ ಪಾಸ್‌ವರ್ಡ್ ತಪಾಸಣೆಯನ್ನೇ ಆರಿಸುತ್ತೇನೆ. ಅದನ್ನು ಹೊಸ ಖಾತೆ ತೆರೆಯುವಾಗ ಮಾತ್ರ ನಡೆಸಿ ಕೈ ತೊಳೆದುಕೊಳ್ಳುವಂತಿಲ್ಲ. ಆರು ವರ್ಷದ ಹಿಂದೆ ಇಟ್ಟ ಪಾಸ್‌ವರ್ಡ್ ಕಳೆದ ತಿಂಗಳು ಬೇರೆಲ್ಲೋ ಸೋರಿರಬಹುದು. ಸರ್ವರ್‌ನಲ್ಲಿ ಉಳಿದಿರುವುದು ಸಾಲ್ಟ್ ಬೆರೆಸಿ ಮಾಡಿದ ಅದರ ಹ್ಯಾಶ್ ಮಾತ್ರ, ಅದನ್ನು ಭಂಡಾರದ SHA-1 ಗುರುತುಗಳೊಂದಿಗೆ ಹೊಂದಿಸಲಾಗದು. ಅಸಲಿ ಪಾಸ್‌ವರ್ಡ್ ಸರ್ವರ್‌ನ ಕೈಗೆ ಬರುವುದು ಗ್ರಾಹಕ ಲಾಗಿನ್ ಆಗುವ ಆ ಒಂದು ಕ್ಷಣ. ಕೇಳಬೇಕಾದದ್ದು ಆಗ, ಪ್ರತಿ ಸಲವೂ. ಸೋರಿದ್ದು ಎಂದು ಗೊತ್ತಾದರೆ ಇಮೇಲ್‌ಗೆ ಹೋದ ಕೋಡ್ ಕೇಳಿ, ಹೊಸ ಪಾಸ್‌ವರ್ಡ್ ಇಡಿಸಿಯೇ ಒಳಗೆ ಬಿಡಬೇಕು.