ಅಟ್ಟದ ಮೇಲಿನ ಕಾಯಿ, ಅಟ್ಟದ ಮೇಲಿನ ಫ್ಯಾನು

ಅರಸೀಕೆರೆ ಕಡೆಯ ತೆಂಗಿನ ತೋಟದವರ ಮನೆಗೆ ಹೋದರೆ ಒಮ್ಮೆ ತಲೆ ಎತ್ತಿ ನೋಡಿ. ಅಟ್ಟದ ತುಂಬ ಬಲಿತ ಕಾಯಿ ಇರುತ್ತೆ. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅದನ್ನು ಯಾರೂ ಮುಟ್ಟೋದಿಲ್ಲ. ಒಳಗಿನ ನೀರು ಪೂರ್ತಿ ಆರಿ, ಅಲ್ಲಾಡಿಸಿದರೆ ಗಡಗಡ ಅಂತ ಸದ್ದು ಬಂದಾಗಲೇ ಉಂಡೆ ಕೊಬ್ಬರಿ ಸಿದ್ಧ. ಅಲ್ಲಿಯವರೆಗೆ ಕಾಯೋದೇ ಕಸುಬು. ಅದೇ ಊರಿನ ಪೇಟೆಯಲ್ಲಿ ನಮ್ಮ ಗೆಳೆಯನೊಬ್ಬನ ಚಿಕ್ಕಪ್ಪನ ಎಲೆಕ್ಟ್ರಿಕಲ್ ಮತ್ತು ಪಂಪ್‌ಸೆಟ್ ಅಂಗಡಿ ಇದೆ. ಅಲ್ಲೂ ಒಂದು ಅಟ್ಟ ಇದೆ, ಅದೂ ತುಂಬಿದೆ. ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿ ಎರಡು ದಿನ ಕೂತು ಸ್ಟಾಕ್ ಎಣಿಸಿದೆವು. ಈ ಲೇಖನ ಆ ಎರಡನೇ ಅಟ್ಟದ ಬಗ್ಗೆ.

ನಾವು ಹೋದಾಗ ಅಂಕಲ್ ಹೇಳಿದ ಮೊದಲ ಮಾತು, ‘ವ್ಯಾಪಾರಕ್ಕೇನೂ ತೊಂದ್ರೆ ಇಲ್ಲ ಕಣ್ರೋ, ಕೈಯಲ್ಲಿ ದುಡ್ಡೇ ನಿಲ್ತಿಲ್ಲ ಅಷ್ಟೆ.’ ಕಾಲೇಜಿನ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ಸ್ಟಾಕ್ ಟರ್ನೋವರ್ ಸೂತ್ರ ಬಾಯಿಪಾಠ ಮಾಡಿದ್ದ ನಮಗೆ ಉತ್ಸಾಹವೋ ಉತ್ಸಾಹ. ವರ್ಷದಲ್ಲಿ ಮಾರಿದ ಸರಕಿನ ಕೊಂಡ ಬೆಲೆಯನ್ನು ಸರಾಸರಿ ಸ್ಟಾಕಿನ ಕೊಂಡ ಬೆಲೆಯಿಂದ ಭಾಗಿಸಿದರೆ, ಸ್ಟಾಕಿಗೆ ಹಾಕಿದ ದುಡ್ಡು ವರ್ಷಕ್ಕೆ ಎಷ್ಟು ಸುತ್ತು ಹೊಡೆಯಿತು ಅನ್ನೋದು ಸಿಗುತ್ತೆ. 2023–24ರ ಲೆಕ್ಕ ತೆಗೆದೆವು. ಓದೋಕೆ ಸುಲಭ ಆಗಲಿ ಅಂತ ಇಲ್ಲಿ ಅಂಕಿಗಳನ್ನು ದುಂಡಗೆ ಮಾಡಿದ್ದೇವೆ. ಮಾರಾಟ 96 ಲಕ್ಷ. ಆ ಸರಕನ್ನು ಕೊಂಡಿದ್ದು 80 ಲಕ್ಷಕ್ಕೆ. ಅಂಗಡಿಯಲ್ಲಿ ಸರಾಸರಿ ಇದ್ದ ಸ್ಟಾಕು 20 ಲಕ್ಷದ್ದು.

80ನ್ನು 20ರಿಂದ ಭಾಗಿಸಿದರೆ 4. ಅಂದರೆ ಒಳಗೆ ಬಂದ ಸರಕು ಸರಾಸರಿ 91 ದಿನಕ್ಕೆ ಹೊರಗೆ ಹೋಗುತ್ತೆ. (ನಮ್ಮಲ್ಲೊಬ್ಬ 96ನ್ನು 20ರಿಂದ ಭಾಗಿಸಿ 4.8 ಅಂದ. ಇದು ಎಲ್ಲರೂ ಮಾಡೋ ತಪ್ಪು. ಮೇಲೆ ಮಾರಿದ ಬೆಲೆ, ಕೆಳಗೆ ಕೊಂಡ ಬೆಲೆ ಇಟ್ಟರೆ ಲಾಭವೂ ಸುತ್ತಿನೊಳಗೆ ಸೇರಿಕೊಂಡು ಅಂಗಡಿ ಇರೋದಕ್ಕಿಂತ ಚುರುಕಾಗಿ ಕಾಣುತ್ತೆ.) ಮೋಟಾರ್ ಮಾರೋ ಅಂಗಡಿಗೆ 4 ಸುತ್ತು ಅಂದರೆ ಪರವಾಗಿಲ್ಲ ಅನ್ನಿಸಿತು. ಹಾಗಾದರೆ ದುಡ್ಡು ಯಾಕೆ ನಿಲ್ತಿಲ್ಲ?

ಉತ್ತರ ಸಿಕ್ಕಿದ್ದು ಸ್ಟಾಕನ್ನು ಮೂರು ಗುಂಪು ಮಾಡಿ ಎಣಿಸಿದಾಗ. ವೈರು, ಪಿವಿಸಿ ಪೈಪು, ಸ್ವಿಚ್ಚು, ಎಲ್‌ಇಡಿ ಬಲ್ಬು ಇವೆಲ್ಲ ಸೇರಿ ಸ್ಟಾಕಿನಲ್ಲಿ ಇದ್ದಿದ್ದು 8 ಲಕ್ಷ, ವರ್ಷದಲ್ಲಿ ಹೋಗಿದ್ದು 64 ಲಕ್ಷದ್ದು. ಎಂಟು ಸುತ್ತು, ಸುಮಾರು 46 ದಿನ. ಪಂಪು, ಮೋಟಾರು, ಸ್ಟಾರ್ಟರ್ 6 ಲಕ್ಷದ್ದು ಇತ್ತು, ಹೋಗಿದ್ದು 15 ಲಕ್ಷದ್ದು. ಎರಡೂವರೆ ಸುತ್ತು. ಉಳಿದ 6 ಲಕ್ಷದ ಸರಕು ಅಟ್ಟದ ಮೇಲಿತ್ತು. ಅದರಲ್ಲಿ ಇಡೀ ವರ್ಷ ಹೋಗಿದ್ದು ಒಂದೇ ಲಕ್ಷದ್ದು. ಇದೇ ಗತಿಯಲ್ಲಿ ಆ ಅಟ್ಟ ಖಾಲಿ ಆಗೋಕೆ ಆರು ವರ್ಷ ಬೇಕು! ಆ ‘4’ ಅನ್ನೋ ಅಂಕಿ ಸುಳ್ಳೇನಲ್ಲ. ಆದರೆ ಚೆನ್ನಾಗಿ ಓಡೋ ವೈರು, ಓಡದೇ ಕೂತ ಅಟ್ಟವನ್ನು ಮುಚ್ಚಿಡುತ್ತಿತ್ತು. ಅಟ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ ಅದೇ ಅಂಗಡಿ 5.6 ಸುತ್ತು ಹೊಡೀತಿತ್ತು.

ಅಂಗಡಿಯ ಆರೋಗ್ಯ ನೋಡಬೇಕಾದರೆ ಮೊದಲು ಒಟ್ಟು ಟರ್ನೋವರ್ ಕೇಳಬೇಡಿ ಅನ್ನೋದು ನಮ್ಮ ವಾದ. ಒಂದೊಂದು ಐಟಂ ಕೊನೇ ಸಲ ಯಾವತ್ತು ಬಿಲ್ ಆಯ್ತು ಅಂತ ಕೇಳಿ. ಆ ತಾರೀಖು ಸುಮ್ಮನೆ ಸಿಗೋದಿಲ್ಲ, ಬಿಲ್ ಪುಸ್ತಕ ತಿರುವಿ ಹುಡುಕಬೇಕು. ಪುಸ್ತಕ ಇಲ್ಲದ ಕಡೆ ಡಬ್ಬದ ಮೇಲೆ ಅಚ್ಚಾದ ತಯಾರಿಕೆಯ ತಿಂಗಳು, ವರ್ಷ ನೋಡಿ. ನಮಗೆ ಒಂದು ಡಬ್ಬದ ಮೇಲೆ 2014 ಸಿಕ್ಕಿತು, ನಾವು ಪ್ರೈಮರಿ ಸ್ಕೂಲಲ್ಲಿ ಇದ್ದಾಗಿನದು.

ಆದರೆ ನಿಧಾನವಾಗಿ ಹೋಗೋ ಸರಕೆಲ್ಲ ಒಂದೇ ಕಾಯಿಲೆಯಲ್ಲ. ಆ ಅಟ್ಟದಲ್ಲೇ ನಮಗೆ ಎರಡು ಬೇರೆ ಬೇರೆ ಕಥೆ ಸಿಕ್ಕಿದವು.

ಮೊದಲನೆಯದು ಕಾಲ ಮುಗಿದ ಸರಕು. ಎರಡು ಪೆಟ್ಟಿಗೆ ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟಿನ ಚೋಕು. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಗಿ ಎಲ್‌ಇಡಿ ಬೆಲೆ ಒಂದೆರಡು ವರ್ಷದಲ್ಲೇ ಕುಸಿಯಿತು. ಅವತ್ತಿನಿಂದ ಇವನ್ನು ಕೇಳೋರಿಲ್ಲ. ಸಬ್‌ಮರ್ಸಿಬಲ್ ಪಂಪುಗಳಲ್ಲೂ ಕೆಲವು ಹೀಗೇ ಅಟ್ಟ ಸೇರಿದ್ದವು. ಬೋರ್‌ವೆಲ್ ಆಳ ಹೆಚ್ಚುತ್ತಾ ಹೋದ ಹಾಗೆ ಕಡಿಮೆ ಹೆಡ್‌ನ ಪಂಪು ಯಾರಿಗೂ ಬೇಡವಾಯಿತು. ಇಂಥ ಸರಕು ಕಾದಷ್ಟೂ ಬೆಲೆ ಕಳೆದುಕೊಳ್ಳುತ್ತೆ. ಕೆಪಾಸಿಟರ್, ರಬ್ಬರ್ ಸೀಲ್ ಇರೋ ಐಟಂ ಆದರೆ ಕೂತಲ್ಲೇ ಕೆಡುತ್ತೆ ಕೂಡ.

ಎರಡನೆಯದು ಸ್ಕೀಮಿನ ಸರಕು. ಸ್ಟಾರ್ ಲೇಬಲ್ ಇಲ್ಲದ ಸೀಲಿಂಗ್ ಫ್ಯಾನು, ಹತ್ತು ಹತ್ತರ ಕಟ್ಟು, ಬಿಚ್ಚೇ ಇಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ. ಅದಕ್ಕೂ ಸ್ವಲ್ಪ ಮುಂಚೆ ‘ಇಷ್ಟು ಎತ್ತಿದರೆ ಇಷ್ಟು ಪರ್ಸೆಂಟ್ ಜಾಸ್ತಿ’ ಅಂತ ಡಿಸ್ಟ್ರಿಬ್ಯೂಟರ್ ಕಡೆಯವರು ಹೇಳಿದ್ದಕ್ಕೆ ಅಂಕಲ್ ಅಗ್ಗ ಅಂತ ಎತ್ತಿಬಿಟ್ಟಿದ್ದರು. ಈಗ ಬಂದವರೆಲ್ಲ ‘ಸ್ಟಾರ್ ಎಷ್ಟಿದೆ?’ ಅಂತ ಮೊದಲು ಕೇಳ್ತಾರೆ. ಬಲ್ಬಿನ ಕಥೆಯಲ್ಲಿ ತಂತ್ರಜ್ಞಾನ ಬದಲಾಯಿತು ಅನ್ನಬಹುದು. ಇಲ್ಲಿ ಮಾತ್ರ ತಪ್ಪು ಕೊಳ್ಳುವ ಕೈಯದು. ಮಾರೋ ಅಂದಾಜಿಲ್ಲದೆ ರಿಯಾಯಿತಿ ನೋಡಿ ಕೊಳ್ಳೋ ಅಭ್ಯಾಸ ಇದ್ದರೆ, ಈ ಸಲದ ಫ್ಯಾನು ಖಾಲಿಯಾದರೂ ಮುಂದಿನ ವರ್ಷ ಇನ್ನೇನೋ ಬಂದು ಕೂರುತ್ತೆ.

ಕೆಳಗಿದ್ದ ಪಂಪು, ಮೋಟಾರಿನ ಕಥೆ ಇವೆರಡಕ್ಕಿಂತ ಬೇರೆ. ಹಿಂದಿನ ವರ್ಷ ಅಷ್ಟೇ ಸ್ಟಾಕಿನಲ್ಲಿ 24 ಲಕ್ಷದ ಸರಕು ಹೋಗಿತ್ತು, ನಾಲ್ಕು ಸುತ್ತು. ಈ ವರ್ಷ ಎರಡೂವರೆಗೆ ಬಂತು. 2023 ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ. ಬರ ಬಂದರೆ ಪಂಪು ಜಾಸ್ತಿ ಹೋಗಬೇಕಲ್ಲ ಅಂತ ನಾವು ಕೇಳಿದೆವು. ಅಂಕಲ್ ನಕ್ಕರು. ‘ನೀರು ಬೇಕು ಸರಿ, ದುಡ್ಡು ಎಲ್ಲಿಂದ ತರ್ತಾರೆ? ಕೊಬ್ಬರಿ ರೇಟ್ ನೋಡಿದ್ರಾ?’ ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗೆ ಬಿದ್ದಿತ್ತು. ರೈತರು ಹೊಸ ಮೋಟಾರ್ ಕೊಳ್ಳೋ ಬದಲು ಹಳೆಯದನ್ನೇ ರೀವೈಂಡಿಂಗ್ ಮಾಡಿಸಿದರು. ಅದಕ್ಕೆ ಸಾಕ್ಷಿ ಬಿಲ್ ಪುಸ್ತಕದಲ್ಲೇ ಇತ್ತು. ಪಂಪಿನ ಬಿಲ್ಲು ಕಡಿಮೆಯಾದ ತಿಂಗಳುಗಳಲ್ಲೇ ವೈಂಡಿಂಗ್ ವೈರು, ಬೇರಿಂಗು ಜಾಸ್ತಿ ಹೋಗಿದ್ದವು. ಈ ಪಂಪುಗಳನ್ನು ಫ್ಯಾನಿನ ಹಾಗೆ ಸಿಕ್ಕಿದ ಬೆಲೆಗೆ ಹಾಕಿದ್ದರೆ ಅದು ತಪ್ಪಾಗುತ್ತಿತ್ತು. ಗಿರಾಕಿಯ ಕೈ ಕಟ್ಟಿದೆ ಅಷ್ಟೆ, ಸರಕಿಗೆ ಕಾಲ ಮುಗಿದಿಲ್ಲ. ಹೊಸ ಆರ್ಡರ್ ತಗ್ಗಿಸಿ ಕಾದರೆ ಸಾಕು.

ಇನ್ನೊಂದು ಬಗೆಯ ನಿಧಾನ ಕಾಣಬೇಕಾದರೆ ಅದೇ ಜಿಲ್ಲೆಯ ಹಳೇಬೀಡು, ಬೇಲೂರಿಗೆ ಹೋಗಬೇಕು. ಅಲ್ಲಿನ ದೇವಸ್ಥಾನಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ದೇವಸ್ಥಾನದ ಹತ್ತಿರ ಕಲ್ಲಿನ ಮೂರ್ತಿ ಇಟ್ಟುಕೊಂಡಿರೋ ಅಂಗಡಿಯನ್ನು ಊಹಿಸಿಕೊಳ್ಳಿ. 1,000 ರೂಪಾಯಿಗೆ ತಂದ ಮೂರ್ತಿ ವರ್ಷಕ್ಕೊಮ್ಮೆ 2,000ಕ್ಕೆ ಹೋದರೆ, ಸ್ಟಾಕಿಗೆ ಹಾಕಿದ ಒಂದು ರೂಪಾಯಿಗೆ ವರ್ಷದಲ್ಲಿ ಒಂದು ರೂಪಾಯಿ ಲಾಭ. ಅರಸೀಕೆರೆಯಲ್ಲಿ ವೈರಿನ ಮೇಲೆ 12 ಪರ್ಸೆಂಟ್ ಸಿಕ್ಕಿ ಎಂಟು ಸುತ್ತು ಹೊಡೆದರೆ 96 ಪೈಸೆ. ಒಂದು ಸುತ್ತಿನ ಅಂಗಡಿಯೂ ಎಂಟು ಸುತ್ತಿನ ಅಂಗಡಿಯೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು! ಮೂರ್ತಿ ಕೆಡೋದಿಲ್ಲ, ಹಳೇ ಮಾಡೆಲ್ ಆಗೋದಿಲ್ಲ, ಕಾಯುವ ಖರ್ಚನ್ನು ಲಾಭವೇ ಹೊರುತ್ತೆ. ಹಾಗಾಗಿ ಇಂಥ ಅಂಗಡಿಯನ್ನು ಕಿರಾಣಿ ಅಂಗಡಿಯ ಸುತ್ತಿಗೆ ಹೋಲಿಸಿ ‘ಸಿಕ್’ ಅನ್ನೋದು ಅರ್ಥವಿಲ್ಲದ ಮಾತು.

ಅಟ್ಟದ 6 ಲಕ್ಷ ಈ ಪರೀಕ್ಷೆಯಲ್ಲಿ ಹೇಗೆ ನಿಲ್ಲುತ್ತೆ? ಅಂಗಡಿ ನಡೆಯೋದು ಬ್ಯಾಂಕಿನ ಸಿ.ಸಿ. ಸಾಲದಲ್ಲಿ. ಬಡ್ಡಿ 12 ಪರ್ಸೆಂಟ್ ಅಂದರೆ ಅಟ್ಟದ ಮೇಲಿನ ಸರಕಿಗೇ ವರ್ಷಕ್ಕೆ 72 ಸಾವಿರ. ಅದರಲ್ಲಿ ಮಾರಾಟವಾದ ಒಂದು ಲಕ್ಷದ ಸರಕಿನಿಂದ ಬಂದ ಲಾಭ ಬರೀ 20 ಸಾವಿರ. ಉಳಿದ 52 ಸಾವಿರವನ್ನು ಕೆಳಗಿನ ವೈರು, ಪೈಪು ದುಡಿದು ಕಟ್ಟುತ್ತಿವೆ. ದುಡ್ಡು ನಿಲ್ಲದಿರೋದಕ್ಕೆ ಇದೂ ಒಂದು ಕಾರಣ.

‘ಹಾಗಂತ ನಷ್ಟಕ್ಕೆ ಮಾರೋಕಾಗುತ್ತೇನ್ರಪ್ಪ?’ ಅಂದರು ಅಂಕಲ್. ಇಲ್ಲೇ ನಮಗೂ ಅವರಿಗೂ ಜಗಳ. ಲೆಕ್ಕಪತ್ರದ ನಿಯಮ ನಮ್ಮ ಪರ ಇದೆ. ಸ್ಟಾಕನ್ನು ಕೊಂಡ ಬೆಲೆ ಅಥವಾ ಈಗ ಖರ್ಚು ಕಳೆದು ಮಾರಿದರೆ ಕೈಗೆ ಬರೋ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲೇ ತೋರಿಸಬೇಕು. ಅಟ್ಟದ ಸರಕಿಗೆ ಇವತ್ತು ಎರಡೂವರೆ ಲಕ್ಷ ಸಿಗಬಹುದು ಅಂತ ಅವರೇ ಅಂದಾಜು ಮಾಡಿದರು. ಅಂದರೆ ಮೂರೂವರೆ ಲಕ್ಷ ಆಗಲೇ ಹೋಗಿದೆ, ಪುಸ್ತಕದಲ್ಲಿ ಮಾತ್ರ ಇನ್ನೂ ಉಳಿದಿದೆ. ಎಷ್ಟೋ ಅಂಗಡಿಗಳ ಲಾಭ ಹೀಗೆ ಅಟ್ಟದ ಮೇಲೆ ಕೂತಿರುತ್ತೆ.

ಹಾಗಂತ ಬಂದ ಎರಡೂವರೆ ಲಕ್ಷವನ್ನು ವೈರಿಗೆ ಹಾಕಿದ ತಕ್ಷಣ ಅದು ಎಂಟು ಸುತ್ತು ಹೊಡೆಯುತ್ತೆ ಅಂತ ನಾವು ಹೇಳೋದಿಲ್ಲ. ಗಿರಾಕಿಗಳು ‘ಇಲ್ಲ’ ಅನ್ನಿಸಿಕೊಂಡು ವಾಪಸ್ ಹೋಗ್ತಿದ್ದರೆ ಮಾತ್ರ ಅದು ನಿಜ. ಇಲ್ಲದಿದ್ದರೆ ಸಾಲ ತೀರಿಸಿ ಬಡ್ಡಿ ಉಳಿಸಿಕೊಳ್ಳೋದೇ ಮೇಲು.

ಟರ್ನೋವರ್ ಏರಿದರೆ ಎಲ್ಲ ಸರಿಹೋಯ್ತು ಅನ್ನೋರಿಗೂ ಒಂದು ಮಾತು. ಚೆನ್ನೈ ಮೂಲದ ಸುಭಿಕ್ಷಾ ನೆನಪಿರಬಹುದು. ಬೆಂಗಳೂರಲ್ಲೂ ಅದರ ಅಂಗಡಿಗಳಿದ್ದವು, ದೇಶದಲ್ಲಿ ಒಟ್ಟು 1,600ರಷ್ಟು. 2008–09ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಸರಕು ಬರೋದು ನಿಂತು, ಕಪಾಟುಗಳು ಖಾಲಿಯಾಗಿ, ಅಂಗಡಿಗಳು ಮುಚ್ಚಿದವು. ದುಡ್ಡಿಲ್ಲದ ಅಂಗಡಿಯಲ್ಲಿ ಸ್ಟಾಕು ಮಾರಾಟಕ್ಕಿಂತ ಬೇಗ ಇಳಿಯುತ್ತೆ. ಆಗ ಕೆಲವು ತಿಂಗಳು ಸುತ್ತಿನ ಸಂಖ್ಯೆ ಏರಿದ ಹಾಗೆ ಕಾಣುತ್ತೆ. ಕಪಾಟು ಖಾಲಿ ಆಗ್ತಿರೋದು ಮಾರಾಟದಿಂದಲೋ ಅಥವಾ ಡಿಸ್ಟ್ರಿಬ್ಯೂಟರ್ ಸಾಲ ಕೊಡೋದು ನಿಲ್ಲಿಸಿದ್ದರಿಂದಲೋ ಅಂತ ಕೇಳದೆ ಆ ಸಂಖ್ಯೆಯನ್ನು ನಂಬೋ ಹಾಗಿಲ್ಲ.

ಅಂಕಲ್ ಕೊನೆಗೆ ಅರ್ಧ ಒಪ್ಪಿದರು. ಫ್ಯಾನಿನ ಕಟ್ಟುಗಳನ್ನು ಬಾಡಿಗೆ ಮನೆ ಕಟ್ಟಿಸುತ್ತಿದ್ದ ಒಬ್ಬರಿಗೆ ಒಟ್ಟಿಗೆ ಕೊಟ್ಟರು, ಕೊಂಡ ಬೆಲೆಗಿಂತ ಕಡಿಮೆಗೇ. ಚೋಕನ್ನು ತಾಮ್ರದ ಆಸೆಗೆ ಗುಜರಿಯವನು ತೂಕ ಹಾಕಿಕೊಂಡು ಹೋದ. ಸ್ಟಾಕ್ ಪುಸ್ತಕದಲ್ಲಿ ನಾವು ‘ಕೊನೇ ಬಿಲ್ ತಾರೀಖು’ ಅಂತ ಒಂದು ಕಾಲಂ ಎಳೆದು ಬಂದೆವು. ಕಡಿಮೆ ಹೆಡ್‌ನ ಪಂಪು ಮಾತ್ರ ಇನ್ನೂ ಅಟ್ಟದ ಮೇಲೇ ಇವೆ. ‘ಯಾವ್ದಾದ್ರೂ ತೋಟದ ಸಂಪಿಗೆ ಬೇಕಾಗುತ್ತೆ ಬಿಡ್ರೋ’ ಅಂತಾರೆ.