ರಸ್ತೆಗೆ ಹೋಗುವ ಜಮೀನು: ಬೆಲೆ ಎಲ್ಲಿ ನಿಗದಿಯಾಗುತ್ತದೆ?

ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಅಗಲವಾಗುವಾಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಪರಿಹಾರದ ಮಾತೇ ಮಾತು. ನಾಳೆ ಅರಕಲಗೂಡಿನ ಯಾವುದಾದರೂ ರಸ್ತೆಗೂ ಇದೇ ಸರದಿ ಬರಬಹುದು. ಆಗ 'ಸರ್ಕಾರ ಕೊಟ್ಟಷ್ಟು' ಎಂದು ಸುಮ್ಮನಿರಬೇಕಾಗಿಲ್ಲ. ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯಲ್ಲೇ ಇದೆ.

ಹೆಚ್ಚಾಗಿ ಬೆಲೆ ನಿಲ್ಲುವುದು ಎರಡು ಅಂಕಿಗಳ ಮೇಲೆ. ಒಂದು, ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ. ಇನ್ನೊಂದು, ಆಸುಪಾಸಿನಲ್ಲಿ ಹಿಂದಿನ ಮೂರು ವರ್ಷಗಳಲ್ಲಿ ಅದೇ ತರಹದ ಜಮೀನಿಗೆ ಆದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಮಾತ್ರ ತೆಗೆದುಕೊಂಡ ಸರಾಸರಿ. ಯಾವುದು ಹೆಚ್ಚೋ ಅದೇ ಲೆಕ್ಕಕ್ಕೆ.

ಒಂದು ಊಹೆಯ ಉದಾಹರಣೆ ನೋಡೋಣ. ರಸ್ತೆಗೆ 10 ಗುಂಟೆ ಹೋಗುತ್ತದೆ. ಮಾರ್ಗಸೂಚಿ ಬೆಲೆ ಗುಂಟೆಗೆ 25 ಸಾವಿರ. ಆರು ಕ್ರಯಪತ್ರಗಳಲ್ಲಿ ಮೇಲಿನ ಮೂರು 50, 40, 30 ಸಾವಿರ. ಸರಾಸರಿ 40 ಸಾವಿರ. ಅಂದರೆ ಜಮೀನಿಗೆ 4 ಲಕ್ಷ. ಹಳ್ಳಿಗಳಲ್ಲಿ ಇದನ್ನು ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಅಂಕಿಯಿಂದ ಗುಣಿಸುತ್ತಾರೆ. 2 ಎಂದಿಟ್ಟುಕೊಂಡರೆ 8 ಲಕ್ಷ. ತೆಂಗಿನಮರ, ಬೋರ್‌ವೆಲ್, ತಂಬಾಕು ಬ್ಯಾರನ್ನಿಗೆ 1 ಲಕ್ಷ ಸೇರಿ 9 ಲಕ್ಷ. ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದಕ್ಕಾಗಿ ಅಷ್ಟೇ ಮೊತ್ತ ಮತ್ತೆ ಸೇರಿ 18 ಲಕ್ಷ. ಇದರ ಮೇಲೆ, ಅಧಿಸೂಚನೆಯಿಂದ ತೀರ್ಪಿನವರೆಗೆ ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12.

ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಬೆಲೆ ಇಳಿಸುವ ನಮ್ಮ ಹಳೇ ಚಾಳಿ ಇಲ್ಲಿ ಕೈಕೊಡುತ್ತದೆ. ಆ ಸರಾಸರಿ 10 ಸಾವಿರ ಇಳಿದರೆ ಇದೇ ರೈತನಿಗೆ 4 ಲಕ್ಷ ನಷ್ಟ. ಬೆಲೆ ಇಳಿಸಿ ಬರೆಸಿದವನು ಪಕ್ಕದ ಜಮೀನಿನವನು, ಕಳೆದುಕೊಳ್ಳುವವನು ಇವನು!

ಇನ್ನು ಆಕ್ಷೇಪಣೆ. ರಾಷ್ಟ್ರೀಯ ಹೆದ್ದಾರಿಯಾದರೆ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ, 2013ರ ಕಾಯ್ದೆಯಡಿ ರಾಜ್ಯದ ರಸ್ತೆಯಾದರೆ 60 ದಿನಗಳೊಳಗೆ ಲಿಖಿತವಾಗಿ ಕೊಡಬೇಕು. ಈ ಹಂತದಲ್ಲಿ 'ಬೆಲೆ ಸಾಲದು' ಎಂದು ಬರೆದರೆ ಪ್ರಯೋಜನವಿಲ್ಲ, ಇನ್ನೂ ಬೆಲೆಯೇ ನಿಗದಿಯಾಗಿಲ್ಲವಲ್ಲ. ಇಷ್ಟು ಜಾಗ ಬೇಕೇ, ಪಕ್ಕದ ಖರಾಬಿನಲ್ಲಿ ಹೋಗಲು ಆಗದೇ, ಸರ್ವೆ ನಂಬರ್ ಸರಿಯೇ ಎಂಬುದನ್ನು ನಕ್ಷೆಯ ಸಮೇತ ಕೇಳಬೇಕು. ಮರ, ಕಟ್ಟಡ, ಹೊಲ ಎರಡು ಹೋಳಾಗಿ ಉಳುಮೆಗೆ ಆಗುವ ತೊಂದರೆ ಇವೆಲ್ಲ ಆಮೇಲಿನ ಬೆಲೆಯ ವಿಚಾರಣೆಯಲ್ಲಿ ಹೇಳುವ ಮಾತು. ಜಂಟಿ ಅಳತೆಯ ದಿನ ಮನೆಯವರೇ ನಿಂತು ಮರ ಎಣಿಸಿಕೊಂಡಿದ್ದರೆ ಆಗ ಆಧಾರ ಸಿಗುತ್ತದೆ.

ತೀರ್ಪು ಬಂದಮೇಲೆ ಬೆಲೆ ಕಡಿಮೆಯೆನಿಸಿದರೆ, ಹೆದ್ದಾರಿಗೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. 2013ರ ಕಾಯ್ದೆಯಡಿಯಾದರೆ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಕೊಡಬೇಕು. ತೀರ್ಪಿನ ದಿನ ಹಾಜರಿದ್ದವರಿಗೆ ಬರೀ ಆರು ವಾರ. ಹಣ ಪಡೆಯುವಾಗ 'ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ' ಎಂದು ಬರೆಯದೆ ಸಹಿ ಹಾಕಿದರೆ ಆ ಅರ್ಜಿಯ ಹಕ್ಕೇ ಹೋಗುತ್ತದೆ. ಮನೆಯಲ್ಲಿ ಅಂಥ ಕಾಗದಕ್ಕೆ ಸಹಿ ಹಾಕುವವರು ಅಪ್ಪ ಅಥವಾ ಅಜ್ಜ. ಅದನ್ನು ಓದಿ ಹೇಳಬೇಕಾದವರು ಕಾಲೇಜಿಗೆ ಹೋಗುವ ನಾವು.